ಭಾನುವಾರದ ಕಂತು

‘ಆಮೇಲೆ ಓದೋಣ’ ಎಂದು ಉಳಿಸಿಟ್ಟ ಲೇಖನಗಳ ಗತಿ ಎಲ್ಲರಿಗೂ ಗೊತ್ತು. 2007ರಲ್ಲಿ ‘ರೀಡ್ ಇಟ್ ಲೇಟರ್’ ಹೆಸರಿನಲ್ಲಿ ಹುಟ್ಟಿದ ಪಾಕೆಟ್ ಆ್ಯಪ್ 2025ರ ಜುಲೈನಲ್ಲಿ ಬಾಗಿಲು ಹಾಕಿತು. ಎಷ್ಟೋ ಜನ ತಾವು ಕೂಡಿಟ್ಟಿದ್ದೇನು ಎಂದು ನೋಡಿದ್ದೇ ಆಗ!

ಪಟ್ಟಿಯನ್ನು ಹುಡುಕಿಕೊಂಡು ಹೋಗುವ ಬದಲು ಅದೇ ಓದುಗರ ಬಳಿ ಬಂದರೆ? ಇನ್‌ಸ್ಟಾಪೇಪರ್‌ನಲ್ಲಿ ಈ ಏರ್ಪಾಟಿದೆ. ಉಳಿಸಿದ ಲೇಖನಗಳನ್ನು ಒಂದೇ ಕಡತವಾಗಿ ಕಟ್ಟಿ, ವಾರಕ್ಕೊಮ್ಮೆ ಕಿಂಡಲ್‌ಗೆ ಕಳಿಸುತ್ತದೆ. ಕಿಂಡಲ್‌ಗೆ ತನ್ನದೇ ಇಮೇಲ್ ವಿಳಾಸವಿರುತ್ತದೆ. ಅದನ್ನು ಇನ್‌ಸ್ಟಾಪೇಪರ್‌ಗೆ ಕೊಡಬೇಕು. ಬಹಳಷ್ಟು ಜನ ಎಡವುವುದು ಮುಂದಿನ ಹೆಜ್ಜೆಯಲ್ಲಿ: ಕಳಿಸುವವರ ವಿಳಾಸವನ್ನು ಅಮೆಜಾನ್ ಖಾತೆಯ ಅನುಮತಿ ಪಟ್ಟಿಗೆ ಸೇರಿಸದಿದ್ದರೆ ಕಂತು ತಲುಪುವುದೇ ಇಲ್ಲ.

ಕಂತು ಚಿಕ್ಕದಿರಲಿ. ವಾರಕ್ಕೆ ಹದಿನೈದು ಲೇಖನ ಉಳಿಸಿ ಐದನ್ನೇ ಓದುವವರಿಗೆ ತಿಂಗಳಿಗೆ ನಲವತ್ತು ಬಾಕಿ. ಹಾಗಾಗಿ ಶನಿವಾರ ರಾತ್ರಿ ಪಟ್ಟಿ ತೆರೆದು, ತಲೆಬರಹ ಕಂಡರೂ ಯಾಕೆ ಉಳಿಸಿದ್ದೆಂದು ನೆನಪಾಗದ್ದನ್ನು ಆರ್ಕೈವ್‌ಗೆ ತಳ್ಳಬೇಕು. ಚಂದಾದಾರರಿಗೆ ಮಾತ್ರ ತೆರೆಯುವ ಲೇಖನಗಳು ಒಮ್ಮೊಮ್ಮೆ ಎರಡೇ ಪ್ಯಾರಾಕ್ಕೆ ನಿಂತಿರುತ್ತವೆ. ಅದನ್ನೂ ಆಗಲೇ ತೆರೆದು ನೋಡುವುದು ಒಳ್ಳೆಯದು.