ಪ್ರಯೋಗಕ್ಕೆ ಎಷ್ಟು ರೈತರ ಜಮೀನು ಬೇಕು? ಪರಿಶೀಲಕರಿಗೆ ಮನದಟ್ಟಾಗುವಂತೆ ಸಮರ್ಥನೆ ಬರೆಯುವ ಬಗೆ

ಖುಷ್ಕಿ ರಾಗಿಗೆ ಎಕರೆಗೆ 5 ಕಿಲೋ ಜಿಂಕ್ ಸಲ್ಫೇಟ್ ಕೊಡುವುದರಿಂದ ಆಗುವ ಪ್ರಯೋಜನವನ್ನು ತಿಳಿಯಲು ಕೆಲವು ವರ್ಷಗಳ ಹಿಂದೆ ನಾವು ರೈತರ ಜಮೀನುಗಳಲ್ಲಿ ಒಂದು ಪ್ರಯೋಗ ಕೈಗೊಂಡಿದ್ದೆವು. ಪ್ರತಿ ರೈತರ ಹೊಲದಲ್ಲಿ ಅಕ್ಕಪಕ್ಕದ ಎರಡು ತಾಕುಗಳಿದ್ದು, ಒಂದಕ್ಕೆ ಸತು ಕೊಟ್ಟು ಇನ್ನೊಂದಕ್ಕೆ ಕೊಡದೆ ಇಳುವರಿಯನ್ನು ಹೋಲಿಸುವ ಸರಳ ಯೋಜನೆ ಅದು. ನಾವು ಕೇಳಿದ್ದು 40 ರೈತರನ್ನು. ಪರಿಶೀಲಕರು ಅನುದಾನವನ್ನು ಕಡಿತಗೊಳಿಸಿ 10ಕ್ಕೆ ಇಳಿಸಿದರು. ಕೊಯ್ಲಿನ ನಂತರ ಸತು ಕೊಟ್ಟ ತಾಕುಗಳಲ್ಲಿ ಎಕರೆಗೆ ಸರಾಸರಿ 1 ಕ್ವಿಂಟಾಲ್ ಹೆಚ್ಚು ಇಳುವರಿ ಕಂಡುಬಂದಿತು. ಆದರೆ ಲೆಕ್ಕಾಚಾರದ ಪ್ರಕಾರ ನಿಜವಾದ ಪರಿಣಾಮವು 0.4 ಕ್ವಿಂಟಾಲ್ ನಷ್ಟದಿಂದ 2.4 ಕ್ವಿಂಟಾಲ್ ಲಾಭದವರೆಗೆ ಎಲ್ಲಿಯಾದರೂ ಇರಬಹುದಾಗಿತ್ತು. ವರದಿಯಲ್ಲಿ 'ಗಣನೀಯ ವ್ಯತ್ಯಾಸವಿಲ್ಲ' ಎಂದು ಬರೆಯಬೇಕಾಯಿತು. ಅದನ್ನು ಓದಿದವರು 'ಸತುವಿನಿಂದ ಪ್ರಯೋಜನವಿಲ್ಲ' ಎಂದು ಅರ್ಥಮಾಡಿಕೊಂಡರು. ಹತ್ತು ರೈತರ ಒಂದು ಹಂಗಾಮಿನ ಶ್ರಮದಿಂದ ಹೌದು ಅಥವಾ ಅಲ್ಲ ಎಂಬ ಉತ್ತರ ದೊರೆಯಲೇ ಇಲ್ಲ.

ತಪ್ಪನ್ನು ಪರಿಶೀಲಕರ ಮೇಲೆ ಹೊರಿಸುವುದು ಸುಲಭ. ಆದರೆ ನಾನು ಬರೆದಿದ್ದ ಸಮರ್ಥನೆ ಹೀಗಿತ್ತು: 'ಇಫೆಕ್ಟ್ ಸೈಜ್ 0.5, ಆಲ್ಫಾ 0.05 ಮತ್ತು ಪವರ್ 0.80 ಎಂದು ಪರಿಗಣಿಸಿ ಮಾದರಿ ಗಾತ್ರವನ್ನು 34 ಎಂದು ನಿರ್ಧರಿಸಿ, 40ಕ್ಕೆ ಹೆಚ್ಚಿಸಲಾಗಿದೆ.' ಇದರಲ್ಲಿ ತಪ್ಪು ಲೆಕ್ಕವೇನೂ ಇಲ್ಲ. ಆದರೆ ಸಂಖ್ಯಾಶಾಸ್ತ್ರ ಓದದ ಆಡಳಿತಾಧಿಕಾರಿಗೆ ಅಥವಾ ಬೇರೆ ವಿಭಾಗದ ವಿಜ್ಞಾನಿಗೆ ಇದು ಏನನ್ನೂ ಹೇಳುವುದಿಲ್ಲ. 0.5 ಎಂಬುದು ಎಲ್ಲಿಂದ ಬಂತು, ಅದು ಯಾವುದರ ಅರ್ಧ ಎಂದು ತಿಳಿಯದಿದ್ದಾಗ ಅವರು ತಮಗೆ ಅರ್ಥವಾಗುವ ಒಂದೇ ಅಂಕಿಯನ್ನು, ಅಂದರೆ ಖರ್ಚನ್ನು ನೋಡುತ್ತಾರೆ.

ಮರುಬರಹವನ್ನು ಕ್ವಿಂಟಾಲಿನಿಂದ ಆರಂಭಿಸಬೇಕು. ಮೊದಲ ಪ್ರಶ್ನೆ: ಎಷ್ಟು ಹೆಚ್ಚುವರಿ ಇಳುವರಿ ಬಂದರೆ ರೈತರು ತಮ್ಮ ಪದ್ಧತಿಯನ್ನು ಬದಲಿಸುತ್ತಾರೆ? ನಮ್ಮ ಲೆಕ್ಕದಲ್ಲಿ ಗೊಬ್ಬರ ಮತ್ತು ಕೂಲಿ ಸೇರಿ ಖರ್ಚು ಸುಮಾರು ಕಾಲು ಕ್ವಿಂಟಾಲ್ ರಾಗಿಯ ಬೆಲೆಗೆ ಸಮನಾಗಿತ್ತು. ಆದರೆ ಮಳೆ ಕೈಕೊಡುವ ವರ್ಷಗಳೂ ಇರುವುದರಿಂದ 1 ಕ್ವಿಂಟಾಲಿಗಿಂತ ಕಡಿಮೆ ಲಾಭಕ್ಕೆ ತಾವು ಈ ಗೊಬ್ಬರ ಕೊಳ್ಳುವುದಿಲ್ಲವೆಂದು ರೈತರೇ ತಿಳಿಸಿದ್ದರು. ಪ್ರಯೋಗವು ತಪ್ಪದೆ ಗುರುತಿಸಬೇಕಾದ ಕನಿಷ್ಠ ವ್ಯತ್ಯಾಸ ಇದೇ. ವಿಸ್ತರಣಾ ಕಾರ್ಯಕರ್ತರ ನೆರವು ಇಲ್ಲಿ ಬಹಳ ಅಗತ್ಯ; ಈ ಅಂಕಿಯನ್ನು ಕಚೇರಿಯಲ್ಲಿ ಕುಳಿತು ಊಹಿಸಲಾಗದು.

ಎರಡನೆಯದು, ಹೊಲದಿಂದ ಹೊಲಕ್ಕೆ ಈ ಲಾಭ ಎಷ್ಟು ಏರಿಳಿಯುತ್ತದೆ ಎಂಬುದು. ಇಲ್ಲಿ ಅನೇಕರು ಎಡವುತ್ತಾರೆ. ಒಬ್ಬ ರೈತರ ಹೊಲದಲ್ಲಿ 6 ಕ್ವಿಂಟಾಲ್, ಇನ್ನೊಬ್ಬರಲ್ಲಿ 12 ಕ್ವಿಂಟಾಲ್ ಬರುವ ಏರಿಳಿತ ನಮಗೆ ಬೇಕಾಗಿಲ್ಲ, ಏಕೆಂದರೆ ಪ್ರತಿ ಹೊಲದಲ್ಲೂ ಎರಡು ತಾಕುಗಳನ್ನು ಜೋಡಿಯಾಗಿ ಹೋಲಿಸುತ್ತಿದ್ದೇವೆ. ಬೇಕಾಗಿರುವುದು ಪ್ರತಿ ಜೋಡಿಯ ವ್ಯತ್ಯಾಸದ ಏರಿಳಿತ. ಹಿಂದಿನ 14 ಪ್ರಾತ್ಯಕ್ಷಿಕೆಗಳ ದಾಖಲೆಗಳಲ್ಲಿ ಈ ವ್ಯತ್ಯಾಸದ ಮಾನಕ ವಿಚಲನೆ ಎಕರೆಗೆ 2 ಕ್ವಿಂಟಾಲ್ ಇತ್ತು. 1 ಕ್ವಿಂಟಾಲನ್ನು 2ರಿಂದ ಭಾಗಿಸಿದಾಗ ಸಿಗುವುದೇ ಆ 0.5. ಲೆಕ್ಕವನ್ನು ಆರ್ ತಂತ್ರಾಂಶದಲ್ಲಿ ಒಂದೇ ಸಾಲಿನಲ್ಲಿ ಮಾಡಬಹುದು:

```
power.t.test(delta = 1, sd = 2, power = 0.80, type = "paired")
```

ಉತ್ತರ 33.4 ಎಂದು ಬರುತ್ತದೆ. ಅಂದರೆ 34 ಜೋಡಿಗಳು, 34 ರೈತರು. ಮರುವರ್ಷ ನಾವು ಸಲ್ಲಿಸಿದ ಪ್ರಸ್ತಾವನೆಯಲ್ಲಿ ಇದೇ ಲೆಕ್ಕವನ್ನು ಹೀಗೆ ಬರೆದೆವು:

'ಸತು ಬಳಕೆಯಿಂದ ಎಕರೆಗೆ ಕನಿಷ್ಠ 1 ಕ್ವಿಂಟಾಲ್ ಹೆಚ್ಚು ಸಿಕ್ಕರೆ ಮಾತ್ರ ರೈತರು ಈ ಪದ್ಧತಿಯನ್ನು ಅನುಸರಿಸುವರು. ಹಿಂದಿನ 14 ಹೊಲಗಳ ಅನುಭವದಂತೆ ಈ ಲಾಭವು ಹೊಲದಿಂದ ಹೊಲಕ್ಕೆ ಬಹಳ ಬದಲಾಗುತ್ತದೆ. ಸರಾಸರಿಯಿಂದ 2 ಕ್ವಿಂಟಾಲ್ ಹೆಚ್ಚು ಅಥವಾ ಕಡಿಮೆ ಆಗುವುದು ಸಾಮಾನ್ಯ. 34 ಹೊಲಗಳಿದ್ದಲ್ಲಿ, 1 ಕ್ವಿಂಟಾಲ್ ಲಾಭ ನಿಜವಾಗಿಯೂ ಇದ್ದರೆ, ಇಂತಹ ಹತ್ತು ಪ್ರಯೋಗಗಳಲ್ಲಿ ಎಂಟು ಅದನ್ನು ಪತ್ತೆಹಚ್ಚುತ್ತವೆ. 10 ಹೊಲಗಳಿದ್ದಲ್ಲಿ ಕೇವಲ ಮೂರು ಪತ್ತೆಹಚ್ಚುತ್ತವೆ. ಉಳಿದ ಏಳು ಪ್ರಯೋಗಗಳು ಉಪಯುಕ್ತ ಶಿಫಾರಸನ್ನು ಕೈತಪ್ಪಿಸುತ್ತವೆ. ಸತುವಿನಿಂದ ಯಾವ ಪರಿಣಾಮವೂ ಇಲ್ಲದಿರುವಾಗ ಇದೆ ಎಂದು ತಪ್ಪಾಗಿ ಹೇಳುವ ಸಾಧ್ಯತೆಯನ್ನು ಇಪ್ಪತ್ತರಲ್ಲಿ ಒಂದಕ್ಕೆ ಸೀಮಿತಗೊಳಿಸಲಾಗಿದೆ. ಬೆಳೆ ಒಣಗುವುದು, ದನ ಮೇಯುವುದು, ತಾಕುಗಳ ರಾಗಿ ಒಕ್ಕಣೆಯಲ್ಲಿ ಬೆರೆಯುವುದು ಮುಂತಾದ ಕಾರಣಗಳಿಂದ ನೂರಕ್ಕೆ 15 ಹೊಲಗಳ ಮಾಹಿತಿ ನಷ್ಟವಾಗಬಹುದೆಂದು ಪರಿಗಣಿಸಿ 40 ರೈತರನ್ನು ಆಯ್ಕೆ ಮಾಡಲಾಗುವುದು.'

ಇಲ್ಲಿ ಪವರ್ ಎಂಬ ಪದವೇ ಇಲ್ಲವೆಂಬುದನ್ನು ಗಮನಿಸಿರಿ. ಪದ ಹೋದರೂ ಅರ್ಥ ಉಳಿದಿದೆ. ನನ್ನ ಅಭಿಪ್ರಾಯದಲ್ಲಿ ಈ ಬರಹದ ಅತ್ಯಂತ ಪರಿಣಾಮಕಾರಿ ವಾಕ್ಯ ಹತ್ತು ಹೊಲಗಳನ್ನು ಕುರಿತದ್ದು. ಪರಿಶೀಲಕರ ಮನಸ್ಸಿನಲ್ಲಿರುವ ಪ್ರಶ್ನೆ '34 ಏಕೆ' ಎಂಬುದಲ್ಲ, 'ಕಡಿಮೆ ಮಾಡಿದರೆ ಏನಾಗುತ್ತದೆ' ಎಂಬುದು.

ಎರಡು ಆಕ್ಷೇಪಗಳು ಬಂದೇ ಬರುತ್ತವೆ. ಮೊದಲನೆಯದು, 14 ಹೊಲಗಳಿಂದ ಪಡೆದ 2 ಕ್ವಿಂಟಾಲ್ ಎಂಬ ಅಂಕಿ ಎಷ್ಟು ನಂಬಲರ್ಹ ಎಂಬುದು. ಇದು ನ್ಯಾಯವಾದ ಪ್ರಶ್ನೆ, ಅದನ್ನು ಮುಚ್ಚಿಡಬಾರದು. ಏರಿಳಿತವು 2.5 ಕ್ವಿಂಟಾಲ್ ಆಗಿದ್ದರೆ 34 ಹೊಲಗಳಲ್ಲಿ ಪತ್ತೆಹಚ್ಚುವ ಅವಕಾಶ ಹತ್ತರಲ್ಲಿ ಎಂಟರಿಂದ ಸುಮಾರು ಆರಕ್ಕೆ ಇಳಿಯುತ್ತದೆ. ಮೊದಲಿನ ಅವಕಾಶವನ್ನೇ ಪಡೆಯಲು 52 ಹೊಲಗಳು ಬೇಕಾಗುತ್ತವೆ. ಈ ಒಂದು ವಾಕ್ಯವನ್ನು ಪ್ರಸ್ತಾವನೆಯಲ್ಲಿಯೇ ಸೇರಿಸುವುದರಿಂದ, ಕೇಳಿರುವ ಸಂಖ್ಯೆ ಉಬ್ಬಿಸಿದ್ದಲ್ಲ ಎಂಬುದು ಪರಿಶೀಲಕರಿಗೆ ತಿಳಿಯುತ್ತದೆ.

ಎರಡನೆಯ ಆಕ್ಷೇಪ ಹೆಚ್ಚು ಅಪಾಯಕಾರಿ, ಏಕೆಂದರೆ ಅದು ಜಾಣ ಸಲಹೆಯಂತೆ ತೋರುತ್ತದೆ: 'ಹತ್ತು ರೈತರ ಪ್ರತಿ ತಾಕಿನಲ್ಲಿ ಮೂರು ಕಡೆ ಬೆಳೆ ಕಟಾವು ಮಾಡಿರಿ, 30 ಮಾದರಿಗಳಾಗುತ್ತವೆ.' ಆಗುವುದಿಲ್ಲ. ಒಂದೇ ತಾಕಿನ ಮೂರು ಕಟಾವುಗಳು ಆ ತಾಕಿನ ಇಳುವರಿಯನ್ನು ನಿಖರವಾಗಿ ತಿಳಿಸುತ್ತವೆಯೇ ಹೊರತು ಬೇರೆ ಮಣ್ಣಿನಲ್ಲಿ, ಬೇರೆ ಬಿತ್ತನೆ ದಿನದಲ್ಲಿ ಸತು ಏನು ಮಾಡುತ್ತದೆಂದು ತಿಳಿಸುವುದಿಲ್ಲ. ಅನ್ನ ಬೆಂದಿದೆಯೇ ಎಂದು ಒಂದೇ ಪಾತ್ರೆಯ ಮೂರು ಅಗುಳು ಹಿಸುಕಿದರೆ ಪಕ್ಕದ ಮನೆಯ ಅನ್ನದ ವಿಷಯ ತಿಳಿಯದು. ಎಣಿಸಬೇಕಾದದ್ದು ರೈತರ ಹೊಲಗಳನ್ನು. ಹಾಗೆಯೇ ಯಾವ ತಾಕಿಗೆ ಸತು ಎಂಬುದನ್ನು ನಾಣ್ಯ ಚಿಮ್ಮಿ ನಿರ್ಧರಿಸಬೇಕು. ಒಳ್ಳೆಯ ಮಣ್ಣಿನ ತಾಕಿಗೇ ಸತು ಹೋದರೆ 34 ಹೊಲಗಳೂ ಒಂದೇ ದಿಕ್ಕಿನಲ್ಲಿ ತಪ್ಪು ಹೇಳುತ್ತವೆ. ಸಂಖ್ಯೆ ಹೆಚ್ಚಿಸಿದರೂ ಆ ದೋಷ ನೀಗದು.

ಕೆಲವೊಮ್ಮೆ ಹಣ ನಿಜಕ್ಕೂ ಇರುವುದಿಲ್ಲ. ಆಗ ಕೆಲವರು ಸಿಕ್ಕ ಸಂಖ್ಯೆಗೆ ಹೊಂದುವಂತೆ ನಿರೀಕ್ಷಿತ ಲಾಭವನ್ನು 1ರಿಂದ 2 ಕ್ವಿಂಟಾಲಿಗೆ ಏರಿಸುತ್ತಾರೆ. ಕಾಗದದ ಮೇಲೆ ಲೆಕ್ಕ ಸರಿಹೋಗುತ್ತದೆ, ಹೊಲದಲ್ಲಿ ಹೋಗುವುದಿಲ್ಲ. ಅದಕ್ಕಿಂತ ಲೆಕ್ಕವನ್ನು ತಿರುಗಿಸಿ ಬರೆಯುವುದು ಲೇಸು: 'ಕೊನೆಗೆ 20 ಹೊಲಗಳ ಮಾಹಿತಿ ಮಾತ್ರ ದೊರೆತಲ್ಲಿ, ಹತ್ತರಲ್ಲಿ ಎಂಟು ಬಾರಿ ಪತ್ತೆಹಚ್ಚಬಹುದಾದದ್ದು ಎಕರೆಗೆ ಸುಮಾರು 1.3 ಕ್ವಿಂಟಾಲ್ ಅಥವಾ ಅದಕ್ಕಿಂತ ಹೆಚ್ಚಿನ ಲಾಭವನ್ನು ಮಾತ್ರ.' ಇಷ್ಟು ಸಾಕೇ ಎಂಬುದನ್ನು ಪರಿಶೀಲಕರೇ ತೀರ್ಮಾನಿಸಲಿ. ಸಾಲದು ಎಂದಾದರೆ, ನೆರೆಯ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರದೊಂದಿಗೆ ಒಂದೇ ತಳಿ, ಒಂದೇ ಪ್ರಮಾಣ ಮತ್ತು ಒಂದೇ ಕಟಾವು ವಿಧಾನವನ್ನು ಮೊದಲೇ ನಿಗದಿಪಡಿಸಿಕೊಂಡು ಹೊಲಗಳನ್ನು ಹಂಚಿಕೊಳ್ಳಬಹುದು. ನಮ್ಮ ಎರಡನೆಯ ಪ್ರಸ್ತಾವನೆಗೆ ಮಂಜೂರಾತಿ ದೊರೆತದ್ದು ಈ ಬಗೆಯಲ್ಲಿಯೇ, ಎರಡು ಕೇಂದ್ರಗಳಿಗೆ ತಲಾ 20 ರೈತರಂತೆ.