ಮೊಲದ ಕಣ್ಣಿನಲ್ಲಿ ಕಾಡಿಗೆಯ ಪ್ರಶ್ನೆ

‘ಸೌಂದರ್ಯವರ್ಧಕಗಳನ್ನು ಪ್ರಾಣಿಗಳ ಮೇಲೆ ಪರೀಕ್ಷಿಸುವುದು ನೈತಿಕವಾಗಿ ಸರಿಯೇ? ಪರ-ವಿರೋಧ ವಾದಗಳನ್ನು ಪರಿಶೀಲಿಸಿ, ನಿಮ್ಮ ನಿಲುವು ತಿಳಿಸಿ.’ ನೀತಿಶಾಸ್ತ್ರದ ಪತ್ರಿಕೆಯಲ್ಲಿ ಇಂಥ ಪ್ರಶ್ನೆ ಬಂದರೆ ಹೆಚ್ಚಿನವರು ಮೊದಲ ಸಾಲಿನಲ್ಲೇ ಪ್ರಾಣಿದಯೆಯ ಕಡೆಗೆ ಜಾರುತ್ತಾರೆ. ಆ ಪರೀಕ್ಷೆಯಲ್ಲಿ ನಡೆಯುವುದೇನು ಎಂದು ಬರೆಯುವವರು ಕಡಿಮೆ. ಉತ್ತರ ಅಲ್ಲಿಂದಲೇ ಶುರುವಾಗಬೇಕು.

ಈ ಬಗೆಯ ಪರೀಕ್ಷೆಗಳಲ್ಲಿ ಹೆಚ್ಚು ಹೆಸರಾದದ್ದು 1944ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಇಲಾಖೆಯ ಜಾನ್ ಡ್ರೇಜ್ ಮತ್ತು ಸಂಗಡಿಗರು ಪ್ರಕಟಿಸಿದ ವಿಧಾನ. ಬಿಳಿ ಮೊಲದ ಒಂದು ಕಣ್ಣಿನ ಕೆಳರೆಪ್ಪೆಯನ್ನು ಮೆಲ್ಲಗೆ ಎಳೆದು, ಪರೀಕ್ಷಿಸಬೇಕಾದ ದ್ರವವನ್ನು 0.1 ಮಿ.ಲೀ.ನಷ್ಟು ಒಳಗೆ ಬಿಡುತ್ತಾರೆ. ಇನ್ನೊಂದು ಕಣ್ಣನ್ನು ಹೋಲಿಕೆಗೆಂದು ಹಾಗೆಯೇ ಬಿಡುತ್ತಾರೆ. ಆಮೇಲೆ ಮೂರು ದಿನ ಕಣ್ಣು ಕೆಂಪಾಯಿತೇ, ಊದಿತೇ, ಕಾರ್ನಿಯಾ ಮಬ್ಬಾಯಿತೇ ಎಂದು ನೋಡಿ ಅಂಕ ಹಾಕುತ್ತಾರೆ. ಈಗಿನ ನಿಯಮದಲ್ಲಿ ಗಾಯ ಮಾಯುತ್ತದೆಯೇ ಎಂದು 21 ದಿನದವರೆಗೂ ಕಾಯಬಹುದು. ಗರಿಷ್ಠ ಅಂಕ 110, ಅದರಲ್ಲಿ 80 ಕಾರ್ನಿಯಾ ಒಂದಕ್ಕೇ. ಅಂಕ ಹೆಚ್ಚಿದಷ್ಟೂ ಕಣ್ಣು ಹೆಚ್ಚು ಹಾಳಾಗಿದೆ ಎಂದು ಅರ್ಥ.

ಪರ ವಾದವನ್ನು ‘ಕಂಪನಿಗಳ ದುರಾಸೆ’ ಎಂದು ಒಂದೇ ಸಾಲಿನಲ್ಲಿ ಮುಗಿಸಿದರೆ ಅಂಕ ಹೋದಂತೆಯೇ. ಅದರ ಹಿಂದೆ ನಿಜವಾದ ಗಾಯಗಳಿವೆ. 1933ರ ಹೊತ್ತಿಗೆ ಅಮೆರಿಕದಲ್ಲಿ ‘ಲ್ಯಾಶ್ ಲೂರ್’ ಎಂಬ ಕಣ್ರೆಪ್ಪೆಯ ಬಣ್ಣ ಮಾರಾಟವಾಗುತ್ತಿತ್ತು. ಇಂದಿಗೂ ತಲೆಗೂದಲಿನ ಡೈಗಳಲ್ಲಿ ಬಳಸುವ ಪ್ಯಾರಾಫಿನಲೀನ್‌ಡೈಅಮೀನ್ ಅದರಲ್ಲಿತ್ತು. ಅದನ್ನು ಹಚ್ಚಿಕೊಂಡ ಮಹಿಳೆಯರ ಕಣ್ಣು ಹೋಯಿತು, ಒಬ್ಬರು ಜೀವವನ್ನೇ ಕಳೆದುಕೊಂಡರು. ಅದನ್ನು ತಡೆಯುವ ಕಾನೂನು ಆಗ ಇರಲಿಲ್ಲ. 1938ರ ಕಾಯಿದೆ ಬಂದದ್ದಕ್ಕೆ ಇಂಥ ಪ್ರಕರಣಗಳೂ ಕಾರಣ. ಹೊಸ ವಸ್ತು ಯಾರದಾದರೂ ಮೈಯನ್ನು ಮೊದಲು ತಾಕಲೇಬೇಕು, ಏನೂ ಗೊತ್ತಿಲ್ಲದ ಗ್ರಾಹಕಿಯೇ ಏಕೆ ಆ ಮೊದಲಿಗಳಾಗಬೇಕು ಎನ್ನುವುದು ಪರ ವಾದದ ಗಟ್ಟಿ ತಳಹದಿ. ಇದಕ್ಕೆ ತಾತ್ವಿಕ ಬೆಂಬಲವನ್ನು 1986ರಲ್ಲಿ ಕಾರ್ಲ್ ಕೋಹೆನ್ ಕೊಟ್ಟರು. ನೈತಿಕ ಹಕ್ಕು ಕೇಳಬಲ್ಲ, ಕರ್ತವ್ಯಕ್ಕೆ ತಲೆಬಾಗಬಲ್ಲ ಜೀವಿಗಳ ನಡುವೆ ಮಾತ್ರ ಹಕ್ಕುಗಳಿರುತ್ತವೆ, ಮೊಲ ಆ ಸಮುದಾಯದ ಸದಸ್ಯನಲ್ಲ ಎಂಬುದು ಅವರ ವಾದ. ಹಸುಗೂಸುಗಳ ಗತಿ ಏನು ಎಂಬ ಆಕ್ಷೇಪ ತಕ್ಷಣ ಏಳುತ್ತದೆ. ಅವು ಮನುಷ್ಯ ಕುಲಕ್ಕೆ ಸೇರಿದವು ಎಂಬ ಕೋಹೆನ್ನರ ಉತ್ತರ ನನಗೆ ಒಪ್ಪಿತವಾಗಿಲ್ಲ.

ವಿರೋಧ ವಾದದಲ್ಲಿ ವಿದ್ಯಾರ್ಥಿಗಳು ಎರಡು ದಾರಿಗಳನ್ನು ಬೆರೆಸಿಬಿಡುತ್ತಾರೆ. ಪೀಟರ್ ಸಿಂಗರ್ (1975) ಲೆಕ್ಕ ಹಾಕುವವರು. ನೋವು ಯಾರದಾದರೂ ನೋವೇ, ಅದನ್ನು ಲಾಭದ ಎದುರು ತೂಗಬೇಕು ಎನ್ನುತ್ತಾರೆ. ಪ್ರಾಣ ಉಳಿಸುವ ಔಷಧವಾದರೆ ತಕ್ಕಡಿ ಒಂದೊಮ್ಮೆ ವಾಲೀತು. ಅಂಗಡಿಯಲ್ಲಿ ಆಗಲೇ ನೂರು ಬಗೆ ಇರುವ ಕಾಡಿಗೆಗೆ ಇನ್ನೊಂದನ್ನು ಸೇರಿಸಲು ವಾಲುವುದಿಲ್ಲ. ಟಾಮ್ ರೀಗನ್ (1983) ತಕ್ಕಡಿಯನ್ನೇ ಒಪ್ಪುವುದಿಲ್ಲ. ತನ್ನದೇ ಬದುಕುಳ್ಳ ಜೀವಿಯನ್ನು ಬರೀ ಸಾಧನವಾಗಿ ಬಳಸಕೂಡದು, ಔಷಧಕ್ಕೂ ಕೂಡದು ಎಂಬುದು ಅವರ ನಿಲುವು.

ಇವೆರಡಕ್ಕಿಂತ ಪರ ವಾದವನ್ನು ಹೆಚ್ಚು ಅಲುಗಾಡಿಸಿದ್ದು ಪರೀಕ್ಷೆಯ ದೌರ್ಬಲ್ಯ. 1971ರಲ್ಲಿ ವೈಲ್ ಮತ್ತು ಸ್ಕಾಲಾ ಒಂದೇ ವಸ್ತುಗಳನ್ನು ಹಲವು ಪ್ರಯೋಗಾಲಯಗಳಿಗೆ ಕಳಿಸಿ ಫಲಿತಾಂಶ ತಾಳೆ ನೋಡಿದರು. ಒಂದು ಕಡೆ ತೀವ್ರ ಹಾನಿ ಎನಿಸಿದ್ದು ಇನ್ನೊಂದು ಕಡೆ ನಿರಪಾಯ ಎನಿಸಿತ್ತು. ಮೊಲಕ್ಕೆ ಮೂರನೆಯ ರೆಪ್ಪೆಯಿದೆ, ಅದು ನಮಗಿಂತ ತೀರಾ ಕಡಿಮೆ ಕಣ್ಣು ಮಿಟುಕಿಸುತ್ತದೆ. ಇನ್ನು ಲ್ಯಾಶ್ ಲೂರ್ ಮಾಡಿದ ಹಾನಿ ಮುಖ್ಯವಾಗಿ ಅಲರ್ಜಿಯದು. ಡ್ರೇಜ್ ಪರೀಕ್ಷೆ ಅಳೆಯುವುದು ಉರಿ-ಕೆರಳಿಕೆಯನ್ನು. ಪರ ವಾದಿಗಳು ಮುಂದಿಡುವ ದುರಂತವನ್ನೇ ಆ ಪರೀಕ್ಷೆ ಹಿಡಿಯುತ್ತಿತ್ತು ಎಂಬ ಭರವಸೆ ಇಲ್ಲ.

1980ರಲ್ಲಿ ಹೆನ್ರಿ ಸ್ಪೈರಾ ರೆವ್ಲಾನ್ ಕಂಪನಿಯ ವಿರುದ್ಧ ಆಂದೋಲನ ಹೂಡಿದರು, ಕಂಪನಿ ಬದಲಿ ವಿಧಾನಗಳ ಸಂಶೋಧನೆಗೆ 7,50,000 ಡಾಲರ್ ಕೊಟ್ಟಿತು. ಇಂದು ಕಸಾಯಿಖಾನೆಯಿಂದ ತಂದ ದನದ ಕಾರ್ನಿಯಾ, ಪ್ರಯೋಗಾಲಯದಲ್ಲಿ ಬೆಳೆಸಿದ ಮನುಷ್ಯನ ಜೀವಕೋಶಗಳು ಮೊಲದ ಕಣ್ಣಿನ ಕೆಲಸವನ್ನು ಬಹುಪಾಲು ಮಾಡುತ್ತವೆ. (ಕಸಾಯಿಖಾನೆಯ ಕಣ್ಣನ್ನು ಸಿಂಗರ್ ಒಪ್ಪಬಹುದೇನೋ, ರೀಗನ್ ಒಪ್ಪುವುದು ಕಷ್ಟ.) ಐರೋಪ್ಯ ಒಕ್ಕೂಟ 2013ರಲ್ಲಿ ಮಾರಾಟ ನಿಷೇಧವನ್ನು ಪೂರ್ಣಗೊಳಿಸಿತು. ಭಾರತ 2014ರಲ್ಲಿ ಪರೀಕ್ಷೆಯನ್ನೂ, ಹಾಗೆ ಪರೀಕ್ಷಿಸಿದ ಸರಕಿನ ಆಮದನ್ನೂ ನಿಷೇಧಿಸಿತು.

ಉತ್ತರವನ್ನು ಇಲ್ಲಿಗೆ ಮುಗಿಸಿದರೆ ಕಠಿಣವಾದ ಭಾಗವೇ ಉಳಿದುಬಿಡುತ್ತದೆ. ಸನ್‌ಸ್ಕ್ರೀನಿಗೆ ಹಾಕುವ ವಸ್ತು ಕಾರ್ಖಾನೆಯಲ್ಲಿ ಪೀಪಾಯಿಗಟ್ಟಲೆ ತಯಾರಾಗುವ ರಾಸಾಯನಿಕವೂ ಹೌದು. ಅಲ್ಲಿ ದುಡಿಯುವವರ ಸುರಕ್ಷತೆಗಾಗಿ ಅದನ್ನು ಪ್ರಾಣಿಗಳ ಮೇಲೆ ಪರೀಕ್ಷಿಸಿ ಎಂದು ಐರೋಪ್ಯ ರಾಸಾಯನಿಕ ಸಂಸ್ಥೆ ಸಿಮ್ರೈಸ್ ಎಂಬ ಕಂಪನಿಗೆ ಹೇಳಿತು. 2023ರಲ್ಲಿ ಒಕ್ಕೂಟದ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ದೀರ್ಘಕಾಲದ ವಿಷ, ಗರ್ಭದ ಮೇಲಿನ ಪರಿಣಾಮ ಇವುಗಳನ್ನು ಅಳೆಯಲು ಪೂರ್ತಿ ಬದಲಿ ವಿಧಾನ ಇನ್ನೂ ಇಲ್ಲ. ಸೌಂದರ್ಯ ಕ್ಷುಲ್ಲಕ ಎಂಬ ವಾದ ಕಾರ್ಮಿಕರ ಮುಂದೆ ನಿಲ್ಲುವುದಿಲ್ಲ, ಅವರ ಆರೋಗ್ಯ ಕ್ಷುಲ್ಲಕವಲ್ಲ. ಹಾಗಾಗಿ ನನ್ನ ನಿಲುವು ಇದು: ಕಣ್ಣು-ಚರ್ಮದ ಪರೀಕ್ಷೆಗಳ ನಿಷೇಧಕ್ಕೆ ನೈತಿಕ ಸಮರ್ಥನೆ ಪೂರ್ತಿ ಇದೆ. ಕಾರ್ಮಿಕರ ವಿಚಾರದಲ್ಲಿ ಮಾತ್ರ ಮೊಲವೋ ಮನುಷ್ಯರೋ ಎಂದು ಕೇಳುವ ಮೊದಲು, ಸುರಕ್ಷತೆ ಈಗಾಗಲೇ ಗೊತ್ತಿರುವ ಹಳೆಯ ವಸ್ತುವಿನಿಂದ ಅದೇ ಕೆಲಸ ಆಗುವುದಿಲ್ಲವೇ ಎಂದು ತಯಾರಕರನ್ನು ಕೇಳಬೇಕು.