ಸಾಲದ ಷೇರಿಗೆ ದಿನಕ್ಕೆ 20 ಪೈಸೆ

ಷೇರು ಬ್ರೋಕರ್‌ಗಳ ಆ್ಯಪ್‌ನಲ್ಲಿ ಖರೀದಿಯ ಆರ್ಡರ್ ಹಾಕಲು ಹೋದರೆ ‘ಎಂಟಿಎಫ್’ ಎಂಬ ಆಯ್ಕೆಯೊಂದು ಕಾಣುತ್ತದೆ. ಮಾರ್ಜಿನ್ ಟ್ರೇಡಿಂಗ್ ಫೆಸಿಲಿಟಿ ಎಂಬುದರ ಚುಟುಕು ಹೆಸರು ಅದು. ಷೇರಿನ ಬೆಲೆಯಲ್ಲಿ ಒಂದು ಪಾಲನ್ನು ಮಾತ್ರ ನೀವು ಕೊಡುತ್ತೀರಿ, ಉಳಿದದ್ದನ್ನು ಬ್ರೋಕರ್ ಸಾಲವಾಗಿ ತುಂಬುತ್ತಾರೆ. ಕೊಂಡ ಷೇರು ನಿಮ್ಮ ಡಿಮ್ಯಾಟ್ ಖಾತೆಯಲ್ಲೇ ಇದ್ದರೂ ಆ ಸಾಲಕ್ಕೆ ಅಡಮಾನವಾಗಿರುತ್ತದೆ. ನಿಮ್ಮ ಪಾಲು ಕನಿಷ್ಠ ಎಷ್ಟಿರಬೇಕು ಎಂಬುದಕ್ಕೆ ಸೆಬಿ 2017ರಲ್ಲಿ ಸೂತ್ರ ಕೊಟ್ಟಿದೆ. ಷೇರು ಹೆಚ್ಚು ಏರಿಳಿಯುವಂಥದ್ದಾದರೆ ನಿಮ್ಮ ಪಾಲೂ ಹೆಚ್ಚು. ದೊಡ್ಡ ಕಂಪನಿಗಳ ಷೇರಾದರೆ ಅದು ಸಾಮಾನ್ಯವಾಗಿ ಬೆಲೆಯ ಕಾಲು ಭಾಗದ ಆಸುಪಾಸಿನಲ್ಲಿರುತ್ತದೆ.

ಬಡ್ಡಿಯನ್ನು ಬಹಳ ಕಡೆ ದಿನದ ಲೆಕ್ಕದಲ್ಲಿ ತೋರಿಸುತ್ತಾರೆ. ದಿನಕ್ಕೆ ಶೇ 0.04 ಎಂದು ಓದಿದಾಗ ಅದು ಲೆಕ್ಕಕ್ಕೇ ಬಾರದ ಮೊತ್ತ ಅನ್ನಿಸುತ್ತದೆ. ವರ್ಷಕ್ಕೆ ಗುಣಿಸಿದರೆ ಅದೇ ಶೇ 14.6. ಆದರೆ ಎರಡು ವಾರ ಇಟ್ಟುಕೊಂಡು ಮಾರುವವರಿಗೆ ದಿನದ ದರವಾಗಲಿ ವರ್ಷದ ದರವಾಗಲಿ ಹೆಚ್ಚು ಪ್ರಯೋಜನಕ್ಕೆ ಬರುವುದಿಲ್ಲ. ಸಾಲದಲ್ಲಿ ಕೊಂಡ ಒಂದೊಂದು ಷೇರು ದಿನಕ್ಕೆ ಎಷ್ಟು ಪೈಸೆ ತಿನ್ನುತ್ತದೆ, ಆ ಷೇರಿನಿಂದ ನಾವು ನಿರೀಕ್ಷಿಸಬಹುದಾದ ಲಾಭ ಎಷ್ಟು ಎಂಬ ಎರಡು ಅಂಕಿಗಳನ್ನು ಅಕ್ಕಪಕ್ಕ ಇಡುವುದೇ ನಿಜವಾದ ಲೆಕ್ಕ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಷೇರಿನ ಬೆಲೆ 500 ರೂಪಾಯಿ. ನಿಮ್ಮ ಕೈಯಲ್ಲಿ 50,000 ರೂಪಾಯಿ ಇದೆ. ಅಷ್ಟರಲ್ಲಿ 100 ಷೇರು ಬರುತ್ತದೆ. ಬ್ರೋಕರ್‌ನಿಂದ ಇನ್ನೂ ಒಂದೂವರೆ ಲಕ್ಷ ಪಡೆದರೆ ಮತ್ತೆ 300 ಸೇರಿ ಒಟ್ಟು 400 ಆಗುತ್ತದೆ. ಒಂದೂವರೆ ಲಕ್ಷಕ್ಕೆ ಶೇ 0.04 ಅಂದರೆ ದಿನಕ್ಕೆ 60 ರೂಪಾಯಿ ಬಡ್ಡಿ. ಅದನ್ನು ಸಾಲದ 300 ಷೇರುಗಳಿಗೆ ಹಂಚಿದರೆ ತಲಾ 20 ಪೈಸೆ. ಎರಡು ವಾರದಲ್ಲಿ ಬೆಲೆ 515ಕ್ಕೆ ಹೋಗಬಹುದು ಎಂಬುದು ನಿಮ್ಮ ಅಂದಾಜು.

ಇಲ್ಲಿ ದಿನಗಳನ್ನು ಎಣಿಸುವುದರಲ್ಲೇ ಮೊದಲ ಎಡವಟ್ಟು. ಮಾರುಕಟ್ಟೆ ತೆರೆದಿರುವ ದಿನಗಳನ್ನು ಮಾತ್ರ ನಾವು ಎಣಿಸುತ್ತೇವೆ, ಬಡ್ಡಿ ಕ್ಯಾಲೆಂಡರಿನ ಎಲ್ಲ ದಿನಗಳನ್ನೂ ಎಣಿಸುತ್ತದೆ. ಗುರುವಾರ ಕೊಂಡರೆ ಬ್ರೋಕರ್ ನಿಮ್ಮ ಪರವಾಗಿ ಹಣ ಕಟ್ಟುವುದು ಮರುದಿನ, ಹಾಗಾಗಿ ಬಡ್ಡಿ ಶುರುವಾಗುವುದು ಶುಕ್ರವಾರ. ಶನಿವಾರ, ಭಾನುವಾರ, ಹಬ್ಬದ ರಜೆ ಯಾವುದಕ್ಕೂ ವಿನಾಯಿತಿ ಇಲ್ಲ. ಮಾರಿದ ದಿನವೇ ಸಾಲ ತೀರುವುದೂ ಇಲ್ಲ, ಮಾರಾಟದ ಹಣ ಬರುವುದು ಅದರ ಮರುದಿನ. ಎರಡು ವಾರ ಬಿಟ್ಟು ಗುರುವಾರವೇ ಮಾರಿದರೂ 14 ದಿನದ ಬಡ್ಡಿ, ಅಂದರೆ 840 ರೂಪಾಯಿ ಬೀಳುತ್ತದೆ.

ಇನ್ನು ಉಳಿದ ಖರ್ಚುಗಳು. ಇವು ಎರಡು ಬೇರೆ ಬೇರೆ ಕಾಗದಗಳಲ್ಲಿ ಅಡಗಿರುತ್ತವೆ. ವ್ಯವಹಾರದ ದಿನ ಇಮೇಲ್‌ಗೆ ಬರುವ ಕಾಂಟ್ರಾಕ್ಟ್ ನೋಟ್‌ನಲ್ಲಿ ಬ್ರೋಕರೇಜ್, ಎಸ್‌ಟಿಟಿ, ಮುದ್ರಾಂಕ ಶುಲ್ಕ, ಷೇರು ವಿನಿಮಯ ಕೇಂದ್ರದ ಶುಲ್ಕ, ಸೆಬಿ ಶುಲ್ಕ ಮತ್ತು ಜಿಎಸ್‌ಟಿ ಕಾಣುತ್ತವೆ. ನಮ್ಮ ಉದಾಹರಣೆಯಲ್ಲಿ ಬ್ರೋಕರೇಜ್ ಶೇ 0.1 ಎಂದು ಹಿಡಿದರೆ ಕೊಳ್ಳುವಾಗ 200, ಮಾರುವಾಗ 206 ರೂಪಾಯಿ. ಡೆಲಿವರಿ ವ್ಯವಹಾರದಲ್ಲಿ ಎಸ್‌ಟಿಟಿ ಕೂಡ ಎರಡೂ ಕಡೆ ಶೇ 0.1, ಹಾಗಾಗಿ ಮತ್ತೆ 406. ಮುದ್ರಾಂಕ ಶುಲ್ಕ ಕೊಳ್ಳುವಾಗ ಮಾತ್ರ, 30 ರೂಪಾಯಿ. ವಿನಿಮಯ ಕೇಂದ್ರದ್ದು ಸುಮಾರು 12, ಜಿಎಸ್‌ಟಿ 75ರ ಹತ್ತಿರ.

ಬಡ್ಡಿ ಮಾತ್ರ ಕಾಂಟ್ರಾಕ್ಟ್ ನೋಟ್‌ನಲ್ಲಿ ಇರುವುದಿಲ್ಲ. ಷೇರು ಅಡಮಾನಕ್ಕೆ ಇಡುವ ಮತ್ತು ಬಿಡಿಸುವ ಶುಲ್ಕ, ಮಾರುವಾಗ ಡಿಮ್ಯಾಟ್ ಖಾತೆಯಿಂದ ಷೇರು ಹೊರಹೋಗುವುದಕ್ಕೆ ಹಾಕುವ ಡಿಪಿ ಶುಲ್ಕ ಕೂಡ ಅಲ್ಲಿ ಸಾಮಾನ್ಯವಾಗಿ ಸಿಗುವುದಿಲ್ಲ. ಇವನ್ನೆಲ್ಲ ಹುಡುಕಬೇಕಾದದ್ದು ಲೆಡ್ಜರ್‌ನಲ್ಲಿ. ಅಡಮಾನಕ್ಕೆ 47, ಡಿಪಿಗೆ 20 ರೂಪಾಯಿ ಎಂದಿಟ್ಟುಕೊಂಡರೆ ಬಡ್ಡಿ ಬಿಟ್ಟು ಉಳಿದ ಖರ್ಚು 996 ರೂಪಾಯಿ ಆಯಿತು. ಬಡ್ಡಿ ಸೇರಿಸಿದರೆ 1,836. ಆ್ಯಪ್‌ನ ಪರದೆ ಹಸಿರು ಬಣ್ಣದಲ್ಲಿ ತೋರಿಸುವ 6,000 ರೂಪಾಯಿ ಲಾಭಕ್ಕೆ ಸಾಮಾನ್ಯವಾಗಿ ಈ ಬಡ್ಡಿಯ ಸಂಗತಿಯೇ ಗೊತ್ತಿರುವುದಿಲ್ಲ. ಅದು ಕೊಂಡ ಬೆಲೆ ಮತ್ತು ಈಗಿನ ಬೆಲೆಯ ವ್ಯತ್ಯಾಸವನ್ನಷ್ಟೇ ಹೇಳುತ್ತದೆ. ಕೆಲವು ಬ್ರೋಕರ್‌ಗಳು ಬಡ್ಡಿಯನ್ನು ತಿಂಗಳ ಕೊನೆಗೆ ಒಟ್ಟಾಗಿ ಖರ್ಚು ಹಾಕುವುದರಿಂದ ಯಾವ ಷೇರಿಗೆ ಎಷ್ಟು ಬಡ್ಡಿ ಹೋಯಿತು ಎಂಬುದೂ ಕಲಸಿಹೋಗುತ್ತದೆ.

ಆದರೂ 6,000ದಲ್ಲಿ 1,836 ಕಳೆದರೆ 4,164 ಉಳಿಯುತ್ತದಲ್ಲ, 50,000ಕ್ಕೆ ಎರಡು ವಾರದಲ್ಲಿ ಶೇ 8ರಷ್ಟು ಲಾಭ ಒಳ್ಳೆಯದೇ ಅಲ್ಲವೇ ಎಂದು ನೀವು ಕೇಳಬಹುದು. ಸಾಲ ಮಾಡದೆ ಇದ್ದಿದ್ದರೆ ಏನಾಗುತ್ತಿತ್ತು ಎಂದು ನೋಡದೆ ಇದಕ್ಕೆ ಉತ್ತರ ಹೇಳಲಾಗದು. ಸ್ವಂತ ಹಣದ 100 ಷೇರಿಗೆ 1,500 ರೂಪಾಯಿ ಲಾಭ, 253 ರೂಪಾಯಿ ಖರ್ಚು. ಷೇರಿಗೆ ಎರಡೂವರೆ ರೂಪಾಯಿ ಖರ್ಚು ಬಿತ್ತು. ಉಳಿದ 1,583 ರೂಪಾಯಿ ಖರ್ಚು ಬಂದದ್ದು ಸಾಲದ 300 ಷೇರುಗಳಿಂದ. ತಲಾ 5 ರೂಪಾಯಿ 28 ಪೈಸೆ. ಇದರಲ್ಲಿ ಸುಮಾರು ಎರಡೂವರೆ ರೂಪಾಯಿ ಶುಲ್ಕ ಮತ್ತು ತೆರಿಗೆ, 2 ರೂಪಾಯಿ 80 ಪೈಸೆ ಬಡ್ಡಿ. ಸ್ವಂತ ಷೇರಿನ ಲಾಭವನ್ನು ಸಾಲದ ಷೇರಿನ ಲಾಭದೊಂದಿಗೆ ಬೆರೆಸಿಬಿಟ್ಟರೆ ಸಾಲ ದುಡಿಯಿತೋ ಇಲ್ಲವೋ ಎಂಬುದು ತಿಳಿಯುವುದೇ ಇಲ್ಲ. ಹಾಗಾಗಿ ತೂಗಬೇಕಾದದ್ದು ಈ 300 ಷೇರುಗಳನ್ನು ಮಾತ್ರ.

ತಕ್ಕಡಿಯ ಇನ್ನೊಂದು ತಟ್ಟೆಗೆ ಬಹಳಷ್ಟು ಜನ 15 ರೂಪಾಯಿಯನ್ನು ಇಡುತ್ತಾರೆ. ಅದು ತಪ್ಪು. 15 ರೂಪಾಯಿ ಎಂಬುದು ಗುರಿ, ನಿರೀಕ್ಷೆಯಲ್ಲ. ಷೇರು ಬಿದ್ದರೆ 488ಕ್ಕೆ ಮಾರಿ ಹೊರಬರುವುದೆಂದು ಸ್ಟಾಪ್‌ಲಾಸ್ ಇಟ್ಟುಕೊಂಡಿದ್ದೀರಿ ಎನ್ನೋಣ. ಅಂದರೆ ಗೆದ್ದರೆ 15 ರೂಪಾಯಿ, ಸೋತರೆ 12 ರೂಪಾಯಿ ಕಳೆತ. ಇಂಥ ನೂರು ವ್ಯವಹಾರಗಳಲ್ಲಿ 55 ಗೆಲ್ಲುತ್ತೀರಿ ಎಂದರೆ ಅದು ನಿಜಕ್ಕೂ ಒಳ್ಳೆಯ ಸಾಧನೆ. ಆಗ ಒಂದು ವ್ಯವಹಾರಕ್ಕೆ ಸರಾಸರಿ ಬರುವುದು 15ರಲ್ಲಿ ಶೇ 55, ಅಂದರೆ 8 ರೂಪಾಯಿ 25 ಪೈಸೆ. ಹೋಗುವುದು 12ರಲ್ಲಿ ಶೇ 45, ಅಂದರೆ 5 ರೂಪಾಯಿ 40 ಪೈಸೆ. ಉಳಿಯುವ ನಿರೀಕ್ಷಿತ ಲಾಭ ಷೇರಿಗೆ 2 ರೂಪಾಯಿ 85 ಪೈಸೆ ಮಾತ್ರ.

ಈಗ ತೂಗಿ ನೋಡಿ. ಸ್ವಂತ ಹಣದ ಷೇರಿಗೆ ಎರಡೂವರೆ ರೂಪಾಯಿ ಖರ್ಚು ಕಳೆದರೆ ಸುಮಾರು 30 ಪೈಸೆ ಉಳಿಯುತ್ತದೆ. ಅದೇ ಊಹೆ, ಅದೇ ಕಂಪನಿ, ಅದೇ ಎರಡು ವಾರ, ಆದರೆ ಸಾಲದ ಷೇರಿಗೆ 5 ರೂಪಾಯಿ 28 ಪೈಸೆ ಖರ್ಚು. ಪ್ರತಿ ಷೇರಿಗೂ ಸುಮಾರು ಎರಡೂವರೆ ರೂಪಾಯಿ ನಷ್ಟ, 300 ಷೇರಿಗೆ 730 ರೂಪಾಯಿಯ ಹತ್ತಿರ. ಗೆಲ್ಲುವ ಪ್ರಮಾಣ ಎಷ್ಟಿರಬೇಕು ಎಂದು ತಿರುಗಿಸಿ ಕೇಳಿದರೆ ಚಿತ್ರ ಇನ್ನೂ ಸ್ಪಷ್ಟ. ಸ್ವಂತ ಹಣವಾದರೆ ನೂರಕ್ಕೆ 54 ಸಲ ಗೆದ್ದರೆ ಅಸಲು ಉಳಿಯುತ್ತದೆ. ಸಾಲದ ಷೇರಿಗೆ 64 ಸಲ ಗೆಲ್ಲಬೇಕು. ಇನ್ನೂ ಸ್ವಲ್ಪ ದಿನ ನೋಡೋಣ ಎಂದು 30 ದಿನ ಇಟ್ಟುಕೊಂಡರೆ ಬಡ್ಡಿಯೇ 6 ರೂಪಾಯಿಯಾಗಿ, 76 ಸಲ ಗೆಲ್ಲಬೇಕಾಗುತ್ತದೆ. ವರ್ಷಗಟ್ಟಲೆ ನೂರಕ್ಕೆ 76 ಸಲ ಸರಿಯಾಗಿ ಊಹಿಸುವವರನ್ನು ನಾನು ಕಂಡಿಲ್ಲ.

ಇದರಿಂದ ಎಂಟಿಎಫ್ ಯಾವಾಗಲೂ ಕೆಟ್ಟದ್ದು ಎಂದಾಗುವುದಿಲ್ಲ. ಬ್ರೋಕರೇಜ್ ಶೇಕಡಾವಾರು ಇಲ್ಲದೆ ಒಂದು ಆರ್ಡರ್‌ಗೆ 20 ರೂಪಾಯಿ ಎಂದಿರುವ ಕಡೆ ಸಾಲದ ಷೇರಿನ ಖರ್ಚು ಗಣನೀಯವಾಗಿ ತಗ್ಗುತ್ತದೆ. ಗುರಿ 15 ರೂಪಾಯಿಯ ಬದಲು 40 ಆಗಿದ್ದು ನಷ್ಟದ ಮಿತಿ ಅದೇ 12 ಇದ್ದರೆ ಲೆಕ್ಕವೇ ಬೇರೆ. ಆದರೆ ಅಷ್ಟು ದೂರದ ಗುರಿ ಎರಡು ವಾರದಲ್ಲಿ ಸಿಗುವುದು ವಿರಳ, ದಿನ ಹೆಚ್ಚಾದಷ್ಟೂ 20 ಪೈಸೆಗಳು ಕೂಡುತ್ತಲೇ ಹೋಗುತ್ತವೆ.

ಬೀಳುವ ಬೆಲೆಗೆ ಇನ್ನೊಂದು ಪೆಟ್ಟಿದೆ. ಸ್ಟಾಪ್‌ಲಾಸ್ ಇಡದೆ ಕುಳಿತಿದ್ದಾಗ ಬೆಲೆ 470ಕ್ಕೆ ಇಳಿದರೆ 400 ಷೇರುಗಳ ಮೌಲ್ಯ 1,88,000. ಸಾಲ ಒಂದೂವರೆ ಲಕ್ಷವೇ ಇರುತ್ತದೆ. ನಿಮ್ಮ ಪಾಲು 38,000ಕ್ಕೆ ಇಳಿಯಿತು, ಕಾಲು ಭಾಗವಾದ 47,000 ಇರಬೇಕಿತ್ತು. ಕೊರತೆಯ 9,000 ತುಂಬಿ ಎಂದು ಸಂದೇಶ ಬರುತ್ತದೆ. ತುಂಬದಿದ್ದರೆ ಬ್ರೋಕರ್ ಷೇರನ್ನು ತಾವೇ ಮಾರಬಹುದು, ಅದಕ್ಕೆ ಬೇರೆ ಶುಲ್ಕವನ್ನೂ ಹಾಕಬಹುದು. ಸ್ವಂತ ಹಣದಲ್ಲಿ ಕೊಂಡವರು ಕಾಯಬಹುದು, ಸಾಲದಲ್ಲಿ ಕೊಂಡವರಿಗೆ ಕಾಯುವ ಹಕ್ಕು ಉಳಿಯುವುದಿಲ್ಲ.

ತೆರಿಗೆಯ ಮಾತನ್ನೂ ಹೇಳಿಬಿಡಬೇಕು. 2024ರ ಜುಲೈ 23ರಿಂದ ಷೇರಿನ ಅಲ್ಪಾವಧಿ ಲಾಭಕ್ಕೆ ಶೇ 20 ತೆರಿಗೆ, ಅದರ ಮೇಲೆ ಸೆಸ್. ಬಂಡವಾಳ ಲಾಭದ ಲೆಕ್ಕದಲ್ಲಿ ಎಸ್‌ಟಿಟಿಯನ್ನು ಕಳೆಯಲು ಬರುವುದಿಲ್ಲ. ಬಡ್ಡಿಯನ್ನು ಕಳೆಯಬಹುದೇ ಎಂಬುದು ತಕರಾರಿನ ವಿಷಯ, ನಿಮ್ಮ ಲೆಕ್ಕ ಪರಿಶೋಧಕರನ್ನು ಕೇಳಿಯೇ ಮುಂದುವರಿಯಿರಿ. ಕಳೆಯಲು ಬಾರದು ಎಂದಾದರೆ ಕೈಗೆ ಬಾರದ ಲಾಭಕ್ಕೂ ತೆರಿಗೆ ಕಟ್ಟಿದಂತೆ.

ನಿಮ್ಮ ದರ 0.04 ಎಂದು ನಾನು ಹೇಳಿದ್ದನ್ನಾಗಲಿ ಜಾಹೀರಾತು ಹೇಳಿದ್ದನ್ನಾಗಲಿ ನಂಬಬೇಡಿ. ಮುಗಿದುಹೋದ ಒಂದು ಎಂಟಿಎಫ್ ವ್ಯವಹಾರದ ಲೆಡ್ಜರ್ ತೆಗೆಯಿರಿ. ಅದಕ್ಕೆ ಬಿದ್ದ ಒಟ್ಟು ಬಡ್ಡಿಯನ್ನು ಸಾಲದ ಮೊತ್ತದಿಂದಲೂ ದಿನಗಳಿಂದಲೂ ಭಾಗಿಸಿ. ಬಂದ ಅಂಕಿ ಹೇಳಿದ ದರಕ್ಕಿಂತ ಹೆಚ್ಚಿದ್ದರೆ ಸಾಮಾನ್ಯವಾಗಿ ಎರಡು ಕಾರಣ ಇರುತ್ತವೆ. ಒಂದು, ದಿನಗಳನ್ನು ನೀವು ಕಡಿಮೆ ಎಣಿಸಿದ್ದೀರಿ. ಇನ್ನೊಂದು, ನಿಮ್ಮ ಪಾಲನ್ನು ನಗದಿನ ಬದಲು ಹಳೆಯ ಷೇರುಗಳ ಅಡಮಾನದ ಮೂಲಕ ಕೊಟ್ಟಿದ್ದೀರಿ. ಹಾಗೆ ಕೊಟ್ಟಾಗ ಬ್ರೋಕರ್ ಪೂರ್ತಿ ಎರಡು ಲಕ್ಷಕ್ಕೂ ಹಣ ಹಾಕಿರಬಹುದು, ಆಗ ದಿನದ ಬಡ್ಡಿ 60 ಅಲ್ಲ, 80 ರೂಪಾಯಿ. ಹೀಗೆ ಸಿಕ್ಕ ನಿಜವಾದ ದರವನ್ನು ಷೇರಿನ ಬೆಲೆಗೆ ಗುಣಿಸಿ ದಿನಕ್ಕೆ ಎಷ್ಟು ಪೈಸೆ ಎಂದು ಬರೆದಿಟ್ಟುಕೊಳ್ಳಿ. ಮುಂದಿನ ಆರ್ಡರ್ ಹಾಕುವ ಮೊದಲು ಆ ಪೈಸೆಯನ್ನು ನೀವು ಕಾಯಲು ಸಿದ್ಧರಿರುವ ದಿನಗಳಿಗೆ ಗುಣಿಸಿ, ಶುಲ್ಕ ಸೇರಿಸಿ, ನಿರೀಕ್ಷಿತ ಲಾಭದ ಪಕ್ಕ ಇಡಿ. ಗುರಿ ಬೆಲೆಯ ಶೇ 3ರ ಒಳಗಿದ್ದು ಬ್ರೋಕರೇಜ್ ಶೇಕಡಾವಾರು ಇರುವಲ್ಲಿ ಸಾಲ ಮಾಡಿ ಷೇರು ಕೊಳ್ಳಬೇಡಿ ಎಂಬುದು ನನ್ನ ಸಲಹೆ.